ನಿಶ್ಚಿತಾರ್ಥಕ್ಕೆ ಅರವತ್ತೇ ಜನ: ಯಾರಿಗೂ ಬೇಜಾರಾಗದ ಹಾಗೆ ಕರೆಯೋಲೆ ಹೇಗೆ ಬರೆಯೋದು?

ತೆಂಗಿನಗರಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ನಿಶ್ಚಿತಾರ್ಥ ಏಪ್ರಿಲ್ 26, ಭಾನುವಾರ. ತಿಪಟೂರಿನ ನಮ್ಮ ಮನೆಯಲ್ಲೇ ಮಾಡುತ್ತಿದ್ದೇವೆ. ಹುಡುಗನ ಮನೆಯವರು ಧಾರವಾಡದವರು. ಮೇ 17ಕ್ಕೆ ಅಧಿಕ ಜ್ಯೇಷ್ಠ ಶುರುವಾಗುತ್ತೆ, ಅಷ್ಟರೊಳಗೆ ಮುಗಿಸಿಬಿಡಿ ಅಂತ ಎರಡೂ ಕಡೆಯ ಹಿರಿಯರು ಹೇಳಿದ್ದಾರೆ. ಹಾಗಾಗಿ ಸ್ವಲ್ಪ ಆತುರ.

ಮನೆ ಮುಂದೆ ಶಾಮಿಯಾನ ಹಾಕಿಸಿದರೂ ಅರವತ್ತು ಜನಕ್ಕಿಂತ ಜಾಸ್ತಿ ಕೂರಿಸೋಕೆ ಆಗಲ್ಲ. ಮೂವತ್ತು ಅವರ ಕಡೆ, ಮೂವತ್ತು ನಮ್ಮ ಕಡೆ ಅಂತ ಮಾತಾಗಿದೆ. ಮದುವೆ ವರ್ಷದ ಕೊನೆಗೆ ಛತ್ರದಲ್ಲಿ, ಆಗ ಊರಿಗೆ ಊರೇ ಬರಲಿ. ಈಗ ಮಾತ್ರ ತೀರಾ ಹತ್ತಿರದವರು.

ಅಂಗಡಿಯವರು ಕೊಟ್ಟ ಮಾದರಿ ನೋಡಿ ಹೀಗೆ ಬರೆದಿದ್ದೇನೆ. ಹೆಸರಿರುವ ಕಡೆ ಚುಕ್ಕಿ ಇಟ್ಟಿದ್ದೇನೆ.

> ಮಾನ್ಯರೇ,
> ಶ್ರೀಮತಿ …… ಮತ್ತು ದಿ|| ಶ್ರೀ …… ಇವರು ಮಾಡುವ ವಿಜ್ಞಾಪನೆಗಳು. ನಮ್ಮ ದ್ವಿತೀಯ ಪುತ್ರಿ ಚಿ|| ಕುಂ|| ಸೌ|| …… ಹಾಗೂ ಧಾರವಾಡದ ಶ್ರೀಮತಿ ಮತ್ತು ಶ್ರೀ …… ಇವರ ಪುತ್ರ ಚಿ|| ರಾ|| …… ಇವರ ವಿವಾಹ ನಿಶ್ಚಿತಾರ್ಥ ಸಮಾರಂಭವನ್ನು ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಪರಿವಾರ ಸಮೇತರಾಗಿ ಬಂಧುಮಿತ್ರರೊಡಗೂಡಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುತ್ತೇವೆ.
> ವಿ.ಸೂ.: ಹತ್ತಿರದ ಬಂಧುಗಳಿಗೆ ಮಾತ್ರ.

ಓದಿದರೆ ಏನೋ ಸರಿಯಿಲ್ಲ ಅನಿಸುತ್ತೆ. ಏನು ಅಂತ ಗೊತ್ತಾಗ್ತಿಲ್ಲ. ಕಾರ್ಯಕ್ರಮ ಏನೇನು ಅಂತಲೂ ನಾಲ್ಕು ಸಾಲು ಹಾಕಬೇಕು. ಸಹಾಯ ಮಾಡಿ.

ಅಕ್ಷರಜೋಡಣೆ

ಲಗ್ನಪತ್ರಿಕೆ ಅಚ್ಚು ಹಾಕೋದೇ ನನ್ನ ಕಸುಬು. ನಿಮಗೆ ಸರಿಯಿಲ್ಲ ಅನಿಸಿದ್ದು ಸರಿಯಾಗೇ ಇದೆ. ಒಂದೇ ಕಾಗದದಲ್ಲಿ ಎರಡು ಮಾತು ಆಡಿದ್ದೀರಿ. ಮೇಲೆ "ಸಕುಟುಂಬ ಸಪರಿವಾರ ಸಮೇತರಾಗಿ, ಬಂಧುಮಿತ್ರರೊಡಗೂಡಿ" ಬನ್ನಿ ಅಂತೀರಿ. ಅಂದರೆ ಮನೆಮಂದಿ, ಅವರ ನೆಂಟರು, ಸ್ನೇಹಿತರು ಎಲ್ಲರೂ ಬರಬಹುದು. ಕೆಳಗೆ "ಹತ್ತಿರದ ಬಂಧುಗಳಿಗೆ ಮಾತ್ರ" ಅಂತ ಬಾಗಿಲು ಹಾಕುತ್ತೀರಿ. ಓದಿದವರು ಯಾವುದನ್ನು ನಂಬಬೇಕು?

ಆ ಮೊದಲ ಸಾಲು ಮದುವೆ ಪತ್ರಿಕೆಯದು. ಅಲ್ಲಿ ಸಾವಿರ ಜನಕ್ಕೆ ಅಡುಗೆ ಆಗಿರುತ್ತೆ, ಸಲ್ಲುತ್ತೆ. ಅಂಗಡಿಗಳಲ್ಲಿ ಮದುವೆಯ ಮಾದರಿಯಲ್ಲೇ "ವಿವಾಹ" ಅನ್ನೋದರ ಮುಂದೆ "ನಿಶ್ಚಿತಾರ್ಥ" ಸೇರಿಸಿ ಕೊಟ್ಟುಬಿಡುತ್ತೇವೆ. ನಾವೂ ಅದನ್ನೇ ಮಾಡೋದು, ಸುಳ್ಳು ಯಾಕೆ ಹೇಳಲಿ. ಸಣ್ಣ ಕಾರ್ಯಕ್ಕೆ ಆ ಸಾಲು ತೆಗೆಯಿರಿ. ಅದು ಹೋದರೆ ವಿ.ಸೂ. ಕೂಡ ಬೇಕಾಗಲ್ಲ.

ಇನ್ನೊಂದು ವಿಷಯ, ಸ್ವಲ್ಪ ಸೂಕ್ಷ್ಮ. ನಿಮ್ಮ ತಂದೆ ಇಲ್ಲ ಅಂತ ಕಾಣುತ್ತೆ. "ದಿ|| ಶ್ರೀ …… ಇವರು ಮಾಡುವ ವಿಜ್ಞಾಪನೆಗಳು" ಅಂತ ಬರೆದರೆ ತೀರಿಕೊಂಡವರು ಕರೆಯುತ್ತಿದ್ದಾರೆ ಅಂತ ಆಗುತ್ತೆ. ತುಂಬಾ ಪತ್ರಿಕೆಗಳಲ್ಲಿ ಹೀಗೇ ಬರುತ್ತೆ, ಯಾರೂ ಗಮನಿಸಲ್ಲ. ತಂದೆಯ ಹೆಸರನ್ನು ಮಗಳ ಹೆಸರಿನ ಜೊತೆ ಇಡಿ. ಕರೆಯುವ ಜಾಗದಲ್ಲಿ ಇರುವವರ ಹೆಸರು ಮಾತ್ರ ಬರಲಿ.

ಕಡಲತೀರ

ನಿಶ್ಚಿತಾರ್ಥಕ್ಕೆ ಅಡುಗೆಯವರನ್ನು ಹುಡುಕ್ತಾ ಇದ್ದೀರಾ? ಅರವತ್ತು ಜನಕ್ಕೆ ಎಲೆ ಊಟವೇ ಒಳ್ಳೆಯದು. ಬಫೆ ಬೇಡ, ವಯಸ್ಸಾದವರಿಗೆ ತಟ್ಟೆ ಹಿಡಿದು ನಿಲ್ಲೋಕೆ ಕಷ್ಟ.

ತೆಂಗಿನಗರಿ

@ಕಡಲತೀರ, ಅಡುಗೆಯವರು ಸಿಕ್ಕಿದ್ದಾರೆ, ಎಲೆ ಊಟವೇ. ಕರೆಯೋಲೆ ಬರೆಯೋದು ಹೇಗೆ ಅನ್ನೋದು ನನ್ನ ಪ್ರಶ್ನೆ 🙂

@ಅಕ್ಷರಜೋಡಣೆ ಅಣ್ಣ, ಹೌದು, ಅಪ್ಪ ಹೋಗಿ ಮೂರು ವರ್ಷ ಆಯ್ತು. ಅಪ್ಪನ ಹೆಸರು ಇರಲೇಬೇಕು ಅಂತ ಅಮ್ಮನ ಆಸೆ. ಅದಕ್ಕೇ ಹಾಗೆ ಹಾಕಿದ್ದೆ. ಆದರೆ "ಮಾತ್ರ" ತೆಗೆದರೆ ಜನ ಜಾಸ್ತಿ ಬಂದುಬಿಟ್ಟರೆ?

ಅಕ್ಷರಜೋಡಣೆ

ಎಷ್ಟು ಜನ ಬರುತ್ತಾರೆ ಅನ್ನೋದು ಪತ್ರಿಕೆಯ ಮೇಲೆ ನಿಂತಿಲ್ಲ, ಪತ್ರಿಕೆ ಯಾರ ಕೈಗೆ ಹೋಗುತ್ತೆ ಅನ್ನೋದರ ಮೇಲೆ ನಿಂತಿದೆ. "ಮಾತ್ರ" ಅನ್ನೋದನ್ನು ಓದುವವರು ಯಾರು ಹೇಳಿ? ನೀವು ಕರೆದವರೇ. ಕರೆಯದವರ ಕೈಗೆ ಆ ಕಾಗದ ಹೋಗೋದೇ ಇಲ್ಲ. ಹೋದರೂ ಅವರಿಗೆ ನೋವಾಗೋದು ಆ ಪದದಿಂದಲೇ.

ಬೇಲಿ ಹಾಕೋ ಬದಲು ಯಾರು ಸೇರುತ್ತಾರೆ ಅಂತ ಹೇಳಿಬಿಡಿ. "ಎರಡೂ ಮನೆಯ ಹತ್ತಿರದ ನೆಂಟರು ಸೇರಿ ನಮ್ಮ ಮನೆಯಲ್ಲೇ ಸರಳವಾಗಿ ನಿಶ್ಚಿತಾರ್ಥ ಇಟ್ಟುಕೊಂಡಿದ್ದೇವೆ." ಇಷ್ಟು ಸಾಕು. "ನಮ್ಮ ಮನೆಯಲ್ಲೇ" ಅಂದ ಕೂಡಲೇ ಜಾಗ ಎಷ್ಟಿದೆ ಅಂತ ಅವರಿಗೇ ಗೊತ್ತಾಗುತ್ತೆ. ಒಂದು ಮನೆಯಿಂದ ಎಷ್ಟು ಜನ ಅನ್ನೋದನ್ನು ಕಾಗದದಲ್ಲಿ ಹೇಳಬೇಡಿ, ಫೋನಿನಲ್ಲಿ ಹೇಳಿ. "ಅತ್ತೆ, ನೀವು, ಮಾವ, ಇಬ್ಬರು ಮಕ್ಕಳು ಬೆಳಿಗ್ಗೆ ತಿಂಡಿಗೇ ಬಂದುಬಿಡಿ" ಅಂತ ಹೆಸರು ಹಿಡಿದು ಕರೆದರೆ ಲೆಕ್ಕವೂ ಸಿಗುತ್ತೆ, ಅವರಿಗೆ ಖುಷಿಯೂ ಆಗುತ್ತೆ.

ಹುಬ್ಬಳ್ಳಿ ಮಾವಶಿ

ಅಣ್ಣಾರು ಹೇಳಿದ್ದು ಖರೇ. ನಮ್ಮ ಮೈದುನನ ಮಗಳ ನಿಶ್ಚಯದೊಳಗ "ಕುಟುಂಬಸ್ಥರಿಗೆ ಮಾತ್ರ" ಅಂತ ಹಾಕಿದ್ದರು. ನಮ್ಮ ಕಾಕಾ ಓದಿ, "ನಾನೇನು ಕುಟುಂಬಸ್ಥ ಹೌದೋ ಅಲ್ಲೋ" ಅಂತ ಕೇಳಿದರು. ಬರಲೇ ಇಲ್ಲ. ಕರೆದಿದ್ದು ಅವರನ್ನೇ!

ತಂಗಿ, ನಿನಗೊಂದು ಮಾತು. ಹುಡುಗನ ಕಡೆಯವರು ಧಾರವಾಡದವರು ಅಂದಿ. ಅವರ ಮೂವತ್ತು ಮಂದಿಗೆ ಕರೆಯೋಲೆ ಕೊಡೋರು ಯಾರು? ನಿನ್ನ ಕಾಗದ ಓದಿದರೆ ಪೂರಾ ಹುಡುಗಿ ಮನಿಯವರೇ ಕರೀತಾರ, ಹುಡುಗನ ಮನಿ ಸುಮ್ನೆ ಬಂದು ಹೋಗತದ ಅನ್ನೋ ಹಂಗದ. ಅವರ ಅತ್ತಿ, ಮಾವಶಿ, ಕಾಕು ಎಲ್ಲಾರೂ "ಇದು ಅವರ ಕಾರ್ಯ" ಅಂದುಕೋತಾರ. ಎರಡೂ ಮನಿ ಹೆಸರು ಸೇರಿಸಿ ಕರೀರಿ.

ರಾಜಾಜಿನಗರದ ರಾಯರು

ನೀವೆಲ್ಲ ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಶುಭಕಾರ್ಯದ ಪತ್ರಿಕೆ ಅಂದಮೇಲೆ "ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ 1948, ಪರಾಭವ ನಾಮ ಸಂವತ್ಸರ, ಉತ್ತರಾಯಣ, ವಸಂತ ಋತು, ವೈಶಾಖ ಶುದ್ಧ ದಶಮಿ, ಭಾನುವಾರ" ಅಂತ ಇರಲೇಬೇಕು. ಇಲ್ಲದಿದ್ದರೆ ಅದು ಸಭೆಯ ನೋಟಿಸ್ ಆಗುತ್ತದೆ. ಇನ್ನೊಂದು, ಭಾನುವಾರ ಮಧ್ಯಾಹ್ನ 12ರಿಂದ 1.30 ಯಮಗಂಡಕಾಲ. ಉಂಗುರ ಬದಲಾಯಿಸುವುದು 12ರೊಳಗೆ ಮುಗಿಯಬೇಕು. ಸಂಜೆಗೆ ಹಾಕಿಕೊಂಡರೂ 4.30ರಿಂದ 6 ರಾಹುಕಾಲ.

ಮತ್ತು ಪತ್ರಿಕೆಯನ್ನು ದೊಡ್ಡಪ್ಪನೋ ಸೋದರಮಾವನೋ ದಂಪತಿಯಾಗಿ ಕರೆಯುವುದು ಪದ್ಧತಿ. ತಾಯಿ ಒಬ್ಬರೇ ಕರೆಯುವುದು ನಾನು ಕಂಡಿಲ್ಲ.

ಅಕ್ಷರಜೋಡಣೆ

ರಾಯರೇ, ಸಂವತ್ಸರ, ತಿಥಿ ಎಲ್ಲ ಸರಿ ಇದೆ. ಆದರೆ ಇರಲೇಬೇಕು ಅಂತೇನಿಲ್ಲ. ಮದುವೆಗೆ ಮುಹೂರ್ತ, ಲಗ್ನ ಗಟ್ಟಿಯಾಗಿರುತ್ತೆ, ಹಾಗಾಗಿ ಪಂಚಾಂಗದ ಸಾಲು ಹಾಕುತ್ತೇವೆ. ಮನೆಮಟ್ಟದ ನಿಶ್ಚಿತಾರ್ಥಕ್ಕೆ ಎಷ್ಟೋ ಜನ ಬರೀ ತಾರೀಖು, ವಾರ, ಗಂಟೆ ಹಾಕಿಸುತ್ತಾರೆ.

ಯಮಗಂಡದ ವಿಷಯ. 12ರಿಂದ 1.30 ಅನ್ನೋದು ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡ ಲೆಕ್ಕ. ಹಗಲನ್ನು ಎಂಟು ಪಾಲು ಮಾಡಿದರೆ ಭಾನುವಾರ ಐದನೇ ಪಾಲು ಯಮಗಂಡ. ಅಂದರೆ ಹಗಲಿನ ನಡುಮಧ್ಯಕ್ಕೆ ಶುರು. ತಿಪಟೂರಿನ ಕಡೆ ಏಪ್ರಿಲ್ ಕೊನೆಗೆ ಆ ನಡುಮಧ್ಯ ಬರೋದು 12.20ರ ಹೊತ್ತಿಗೆ. ಹಾಗಾಗಿ ಇಪ್ಪತ್ತು ನಿಮಿಷ ಸಿಗುತ್ತೆ. ಆದರೂ 12ರೊಳಗೆ ಮುಗಿಸೋಣ ಅಂತ ಇಟ್ಟುಕೊಳ್ಳೋದು ಒಳ್ಳೆಯದೇ. ನಮ್ಮ ಕಾರ್ಯಗಳು ಹೊತ್ತಿಗೆ ಸರಿಯಾಗಿ ಶುರುವಾಗಿದ್ದು ಯಾವಾಗ?

ರಾಜಾಜಿನಗರದ ರಾಯರು

ನಮ್ಮ ಗೋಡೆ ಕ್ಯಾಲೆಂಡರ್‌ನಲ್ಲಿ ವರ್ಷವಿಡೀ 12ರಿಂದ 1.30 ಅಂತಲೇ ಇದೆ.

ಅಕ್ಷರಜೋಡಣೆ

ಇರುತ್ತೆ ರಾಯರೇ. ಆದರೆ ಪಂಚಾಂಗದಲ್ಲಿ ದಿನದಿನದ ಸೂರ್ಯೋದಯ, ಸೂರ್ಯಾಸ್ತ ಕೊಟ್ಟಿರುತ್ತಾರೆ. ಅದನ್ನು ನೋಡಿ ಲೆಕ್ಕ ಹಾಕಿ.

ಮಲೆನಾಡ ಮಳೆ

ರಾಯರ ಕೊನೆಯ ಮಾತಿಗೆ ನನ್ನ ವಿರೋಧ ಇದೆ. ನನ್ನ ನಿಶ್ಚಿತಾರ್ಥದ ಕರೆಯೋಲೆಯಲ್ಲಿ ಅಮ್ಮನ ಹೆಸರೊಂದೇ ಇತ್ತು. ತೀರ್ಥಹಳ್ಳಿ ಕಡೆಯ ನಮ್ಮ ನೆಂಟರಲ್ಲಿ ಒಬ್ಬರೂ ಕೇಳಲಿಲ್ಲ. ಸಾಕಿದವಳು ಅವಳು, ಸಾಲ ಮಾಡಿದವಳು ಅವಳು, ಕರೆಯೋಕೆ ಮಾತ್ರ ಇನ್ಯಾರೋ ಬೇಕಾ?

ರಾಜಾಜಿನಗರದ ರಾಯರು

ನಾನು ಪದ್ಧತಿ ಹೇಳಿದೆ ಅಷ್ಟೇ ತಾಯಿ. ತಪ್ಪು ತಿಳಿಯಬೇಡಿ.

ತೆಂಗಿನಗರಿ

ಇದೇ ನಮ್ಮ ಮನೆಯಲ್ಲೂ ನಡೀತಿದೆ. ತಾಂಬೂಲ ಬದಲಾಯಿಸೋಕೆ ದೊಡ್ಡಪ್ಪ ದೊಡ್ಡಮ್ಮ ಕೂರುತ್ತಾರೆ. ಅದಕ್ಕೆ ಎಲ್ಲರೂ ಒಪ್ಪಿದ್ದಾರೆ. ಕಾಗದದಲ್ಲಿ ಅಮ್ಮನ ಹೆಸರು ಮೊದಲು ಬರಬೇಕು ಅಂತ ನಾನೂ ತಂಗಿಯೂ ಹಟ ಹಿಡಿದಿದ್ದೇವೆ. ದೊಡ್ಡಪ್ಪ "ಆಗಲಿ ಬಿಡ್ರೋ" ಅಂದರು. ದೊಡ್ಡಮ್ಮ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಏನರ್ಥ ಅಂತ ನಮ್ಮ ಮನೆಯವರಿಗೆಲ್ಲ ಗೊತ್ತು.

ಅಕ್ಷರಜೋಡಣೆ ಅಣ್ಣ, ಮಾವಶಿ ಹೇಳಿದ ಹಾಗೆ ತಿದ್ದಿ ಬರೆದಿದ್ದೇನೆ:

> ನಮಸ್ಕಾರ.
> ತಿಪಟೂರಿನ ದಿ|| ಶ್ರೀ …… ಮತ್ತು ಶ್ರೀಮತಿ …… ಅವರ ಮಗಳು ಚಿ|| …… ಹಾಗೂ ಧಾರವಾಡದ ಶ್ರೀ …… ಮತ್ತು ಶ್ರೀಮತಿ …… ಅವರ ಮಗ ಚಿ|| …… ಇವರ ಮದುವೆ ಮಾತು ಎರಡೂ ಮನೆಯ ಹಿರಿಯರ ಒಪ್ಪಿಗೆಯಿಂದ ಕೂಡಿಬಂದಿದೆ. ಎರಡೂ ಮನೆಯ ಹತ್ತಿರದ ನೆಂಟರು ಸೇರಿ ತಿಪಟೂರಿನ ನಮ್ಮ ಮನೆಯಲ್ಲೇ ಸರಳವಾಗಿ ನಿಶ್ಚಿತಾರ್ಥ ಇಟ್ಟುಕೊಂಡಿದ್ದೇವೆ. ನೀವು ಬಂದು, ಇಡೀ ದಿನ ನಮ್ಮ ಜೊತೆಗಿದ್ದು, ಇಬ್ಬರನ್ನೂ ಹರಸಬೇಕು.
> ಕರೆಯುವವರು: ಶ್ರೀಮತಿ …… (ತಿಪಟೂರು), ಶ್ರೀಮತಿ ಮತ್ತು ಶ್ರೀ …… (ಧಾರವಾಡ), ಹಾಗೂ ಎರಡೂ ಮನೆಯ ಹಿರಿಯರು

ಅಕ್ಷರಜೋಡಣೆ

ಚೆನ್ನಾಗಿದೆ. ಎರಡು ಕಡೆ ಕೈ ಹಾಕುತ್ತೇನೆ. "ನಮ್ಮ ಮನೆಯಲ್ಲೇ" ಅಂತ ಇದೆ. ಎರಡು ಮನೆಯವರೂ ಕರೆಯುವಾಗ ಯಾರ "ನಮ್ಮ"? "ಹುಡುಗಿಯ ಮನೆಯಲ್ಲೇ" ಅಂತ ಮಾಡಿ, ಧಾರವಾಡದವರಿಗೂ ಅದೇ ಕಾಗದ ಸಲ್ಲುತ್ತೆ.

ಇನ್ನೊಂದು, "ಹಾಗೂ ಎರಡೂ ಮನೆಯ ಹಿರಿಯರು" ಅಂತ ಬರೆದಿದ್ದೀರಲ್ಲ, ಅದು ದೊಡ್ಡಮ್ಮನಿಗೆ ಸಾಲದು. ಹಾಗಂತ ಹೆಸರುಗಳ ಪಟ್ಟಿ ಹಾಕೋಕೆ ಹೋಗಬೇಡಿ. "ಸುಖಾಗಮನ ಬಯಸುವವರು" ಅಂತ ಹದಿನೆಂಟು ಹೆಸರು ಹಾಕಿಸಿ, ಹತ್ತೊಂಬತ್ತನೆಯವರು ನಮ್ಮ ಅಂಗಡಿಗೇ ಫೋನ್ ಮಾಡಿ ಬೈದದ್ದು ನೋಡಿದ್ದೇನೆ. ನೆಂಟಸ್ತಿಕೆಯನ್ನೇ ಬರೆಯಿರಿ. "ಅಜ್ಜಿ, ದೊಡ್ಡಪ್ಪ ದೊಡ್ಡಮ್ಮ, ಸೋದರಮಾವ ಅತ್ತೆ" ಅಂತ. ಹೆಸರಿಲ್ಲ, ಆದರೆ ಓದಿದ ಪ್ರತಿಯೊಬ್ಬರಿಗೂ ತಾನು ಎಲ್ಲಿದ್ದೇನೆ ಅಂತ ಕಾಣುತ್ತೆ.

ಹುಬ್ಬಳ್ಳಿ ಮಾವಶಿ

ಇದು ಛಲೋ ಆತು. ಆದರ ಧಾರವಾಡದ ಕಡೆ ದೊಡ್ಡಪ್ಪ ದೊಡ್ಡಮ್ಮ ಅಷ್ಟೇ ಹಾಕಿದರ ಸಾಲದು. ಕಾಕಾ ಕಾಕು, ಮಾಮಾ, ಮಾವಶಿ ಅಂತನೂ ಬರಲಿ. ನಮ್ಮನ್ನ ನಮ್ಮ ಹೆಸರಿನಿಂದ ಕರೆದಂಗ ಆಗತದ.

ತೆಂಗಿನಗರಿ

ಸೂಪರ್. ಎರಡೂ ಕಡೆಯ ಮಾತೂ ಸೇರಿಸ್ತೀನಿ. ಈಗ ಕಾರ್ಯಕ್ರಮ. ನಾನು ಹೀಗೆ ಬರೆದಿದ್ದೆ:

> 10.30 ಗಣಪತಿ ಪೂಜೆ
> 11.00 ಲಗ್ನಪತ್ರಿಕೆ ಓದುವುದು, ತಾಂಬೂಲ
> 11.15 ಹೂ ಮುಡಿಸುವ ಶಾಸ್ತ್ರ
> 11.30 ಉಂಗುರ ಬದಲಾವಣೆ
> 12.30 ಊಟ

ಮಲೆನಾಡ ಮಳೆ

ಸೀರೆ ಬದಲಾಯಿಸೋದು ಎಲ್ಲಿ?

ಹುಬ್ಬಳ್ಳಿ ಮಾವಶಿ

ನಾನೂ ಅದನ್ನೇ ಕೇಳಬೇಕಂತ ಬಂದೆ 😄 ಹುಡುಗನ ಕಡೆಯವರು ಸೀರಿ ಕೊಡತಾರ. ಹುಡುಗಿ ಒಳಗ ಹೋಗಿ ಅದನ್ನೇ ಉಟ್ಟುಕೊಂಡು ಬರಬೇಕು. ಆಮ್ಯಾಲೆ ಉಡಿ ತುಂಬೋದು.

ಮಲೆನಾಡ ಮಳೆ

ಅದಕ್ಕೆ ಏನಿಲ್ಲ ಅಂದರೂ ನಲವತ್ತು ನಿಮಿಷ ಬೇಕು. ಹೊಸ ರೇಷ್ಮೆ ಸೀರೆ, ಮಡಿಕೆ ಇನ್ನೂ ಬಿಚ್ಚಿರಲ್ಲ, ಫಾಲ್ಸ್ ಹಾಕಿರಲ್ಲ, ನೆರಿಗೆ ನಿಲ್ಲಲ್ಲ. ಒಂದೇ ಕೋಣೆ, ಒಂದೇ ಕನ್ನಡಿ. ಮೂರು ಜನ ಅತ್ತೆಯರು ಪಿನ್ನು ಬಾಯಲ್ಲಿ ಕಚ್ಚಿಕೊಂಡು ಒಬ್ಬೊಬ್ಬರು ಒಂದೊಂದು ಥರ ಸೆರಗು ಹಾಕ್ತಾ ಇರ್ತಾರೆ. ಹೊರಗೆ ಪುರೋಹಿತರು ಗಡಿಯಾರ ನೋಡ್ತಾ ಇರ್ತಾರೆ. ನಿಮ್ಮ ಪಟ್ಟಿಯಲ್ಲಿ 11.15ಕ್ಕೆ ಹೂ ಮುಡಿಸೋದು ಅಂತ ಇದೆ. ಆ ಹೊತ್ತಿಗೆ ಹುಡುಗಿಯ ಒಂದು ಕೈ ರವಿಕೆಯಲ್ಲಿ ಇರುತ್ತೆ.

ನನ್ನದರಲ್ಲಿ ಇದೇ ಆಯ್ತು. ಉಂಗುರ ತೊಡಿಸುವಾಗ ಒಂದೂಕಾಲು. ಹಸಿದ ಮಕ್ಕಳಿಗೆ ಆಗಲೇ ಎಲೆ ಹಾಕಿ ಕೂರಿಸಿದ್ದರು. ಫೋಟೋದಲ್ಲಿ ಅರ್ಧ ನೆಂಟರೇ ಇಲ್ಲ.

ಅಕ್ಷರಜೋಡಣೆ

ಹಿಂದಿನಿಂದ ಲೆಕ್ಕ ಹಾಕಿ. ಉಂಗುರ 11.45ಕ್ಕೆ ಬೇಕು, 12ಕ್ಕೆ ಮುಗಿಯಬೇಕು. ಅದಕ್ಕೆ ಮುಂಚೆ ಉಡಿ ತುಂಬಿ ಹೂ ಮುಡಿಸೋಕೆ ಹದಿನೈದು ನಿಮಿಷ. ಅಂದರೆ 11.30ಕ್ಕೆ ಹುಡುಗಿ ಸೀರೆ ಉಟ್ಟು ಹೊರಗೆ ಬಂದಿರಬೇಕು. ನಲವತ್ತು ನಿಮಿಷ ತೆಗೆದರೆ 10.50ಕ್ಕೆ ಸೀರೆ ಕೈಗೆ ಬರಬೇಕು. ಲಗ್ನಪತ್ರಿಕೆ ಓದಿ ತಾಂಬೂಲ ಬದಲಾಯಿಸೋಕೆ ಇಪ್ಪತ್ತು ನಿಮಿಷ, ಗಣಪತಿ ಪೂಜೆಗೆ ಅರ್ಧ ಗಂಟೆ. ಅಲ್ಲಿಗೆ 10 ಗಂಟೆಗೇ ಪೂಜೆ ಶುರು. ನಿಮ್ಮ 10.30 ಆಗಲ್ಲ.

ಆದರೆ ಈ ಎಲ್ಲ ನಿಮಿಷಗಳನ್ನೂ ಕರೆಯೋಲೆಯಲ್ಲಿ ಹಾಕಬೇಡಿ. ಈ ಲೆಕ್ಕ ಪುರೋಹಿತರಿಗೆ, ಮನೆಯವರಿಗೆ. ನೆಂಟರಿಗೆ ಬೇಕಾದದ್ದು ಮೂರೇ ಹೊತ್ತು: ತಿಂಡಿ ಯಾವಾಗ, ಶಾಸ್ತ್ರ ಯಾವಾಗ ಶುರು, ಊಟ ಯಾವಾಗ. ನಡುವೆ ಏನೇನು ನಡೆಯುತ್ತೆ ಅಂತ ಗಂಟೆಯಿಲ್ಲದೆ ಸಾಲಾಗಿ ಬರೆಯಿರಿ. ಗಂಟೆ ಹಾಕಿದಷ್ಟೂ ತಪ್ಪೋದು ಜಾಸ್ತಿ.

ಹುಡುಗಿ ಒಳಗೆ ಹೋದಾಗ ಎಲ್ಲರಿಗೂ ಪಾನಕ, ಕೋಸಂಬರಿ ಕೊಟ್ಟುಬಿಡಿ. ಎರಡು ಮನೆಯವರಿಗೆ ಒಬ್ಬರನ್ನೊಬ್ಬರು ಪರಿಚಯ ಮಾಡಿಸೋಕೂ ಅದೇ ಸರಿಯಾದ ಹೊತ್ತು.

ಡಲ್ಲಾಸ್ ಕನ್ನಡಿಗ

ಹೊರದೇಶದಲ್ಲಿ ನೆಂಟರಿದ್ದರೆ ವಿಡಿಯೋ ಲಿಂಕ್ ಕೂಡ ಹಾಕಿ. ನಮ್ಮ ಅಕ್ಕನ ಮಗನ ನಿಶ್ಚಿತಾರ್ಥವನ್ನು ನಾವು ಹಾಗೇ ನೋಡಿದ್ದು.

ತೆಂಗಿನಗರಿ

ಹುಡುಗನ ಅಣ್ಣ ಅತ್ತಿಗೆ ಅಲ್ಲೇ ಡಲ್ಲಾಸ್ ಕಡೆಯೇ ಇದ್ದಾರೆ! ಅವರಿಗೆ ಬರೋಕೆ ಆಗ್ತಿಲ್ಲ. ಲಿಂಕನ್ನು ಕರೆಯೋಲೆಯಲ್ಲೇ ಹಾಕಲಾ?

ಡಲ್ಲಾಸ್ ಕನ್ನಡಿಗ

ಕರೆಯೋಲೆಯಲ್ಲಿ ಬೇಡ ಬಿಡಿ, ಯೋಚಿಸಿದರೆ ಅದು ಸರಿಯಲ್ಲ. ಲಿಂಕ್ ಕಂಡರೆ ಅರಸೀಕೆರೆಯಲ್ಲಿರುವ ಚಿಕ್ಕಪ್ಪನೂ "ನಾವು ಇಲ್ಲಿಂದಲೇ ನೋಡ್ತೀವಿ" ಅನ್ನಬಹುದು. ಅವರಿಗೆ ಬೇರೆಯಾಗಿ ಕಳಿಸಿ. ಗಂಟೆಯನ್ನು ಇಲ್ಲಿನ ಲೆಕ್ಕದಲ್ಲೇ ಬರೆಯಿರಿ. ಏಪ್ರಿಲ್‌ನಲ್ಲಿ ನಾವು ನಿಮಗಿಂತ ಹತ್ತೂವರೆ ಗಂಟೆ ಹಿಂದೆ. ನಿಮ್ಮ ಭಾನುವಾರ ಬೆಳಿಗ್ಗೆ 10 ಅಂದರೆ ನಮಗೆ ಶನಿವಾರ ರಾತ್ರಿ 11.30. ಉಂಗುರದ ಹೊತ್ತಿಗೆ ರಾತ್ರಿ 1.15. "ಭಾನುವಾರ" ಅಂತಷ್ಟೇ ಬರೆದರೆ ಅವರು ಭಾನುವಾರ ಬೆಳಿಗ್ಗೆ ಎದ್ದು ಕಾಫಿ ಹಿಡಿದು ಕೂತುಬಿಡುತ್ತಾರೆ, ಅಷ್ಟೊತ್ತಿಗೆ ನಿಮ್ಮಲ್ಲಿ ಶಾಮಿಯಾನ ಬಿಚ್ಚುತ್ತಾ ಇರ್ತಾರೆ.

ಕಡಲತೀರ

ಉಡುಗೊರೆ ಬೇಡ ಅಂತ ಒಂದು ಸಾಲು ಹಾಕಿ. ನಮ್ಮ ಮಂಗಳೂರು ಕಡೆ ಈಗ ಎಲ್ಲರೂ "ಆಶೀರ್ವಾದವೇ ಉಡುಗೊರೆ" ಅಂತ ಹಾಕ್ತಾರೆ.

ಹುಬ್ಬಳ್ಳಿ ಮಾವಶಿ

ಬ್ಯಾಡ ಬ್ಯಾಡ. ನಮ್ಮ ಕಡೆ ಹತ್ತಿರದವರು ಆಯೇರಿ ಮಾಡದ ಬರೋದಿಲ್ಲ. ಸೋದರತ್ತಿ ಸೀರಿ ತರತಾಳ, ಕುಪ್ಪಸ ತರತಾಳ. "ಬ್ಯಾಡ" ಅಂತ ಅಚ್ಚು ಹಾಕಿದರ ಆಕಿ ತಂದಿದ್ದನ್ನ ಚೀಲದಾಗ ಇಟ್ಟುಕೊಂಡು ಹೋಗಬೇಕೇನು?

ಕಡಲತೀರ

ಅಲ್ಲ, ಎಲ್ಲರೂ ಸ್ಟೀಲ್ ಪಾತ್ರೆ ತಂದರೆ ಏನು ಮಾಡೋದು?

ಅಕ್ಷರಜೋಡಣೆ

ಇದರಲ್ಲಿ ನನಗೂ ಒಂದು ಅಭಿಪ್ರಾಯ ಇಲ್ಲ. ಸಾವಿರ ಜನದ ಮದುವೆಗೆ ಆ ಸಾಲು ಚೆನ್ನ. ಅರವತ್ತು ಜನ ಹತ್ತಿರದವರೇ ಆದಾಗ ಮುಯ್ಯಿ, ಆಯೇರಿಯ ಲೆಕ್ಕ ಮನೆಮನೆಗೂ ಬೇರೆ. ಕಾಗದದಲ್ಲಿ ಏನೂ ಹೇಳದೆ ಬಿಡೋದು ವಾಸಿ ಅನಿಸುತ್ತೆ. ತೀರಾ ಬೇಡ ಅನಿಸಿದವರಿಗೆ ಬಾಯಲ್ಲಿ ಹೇಳಿ.

ಒಂದು ಕೆಲಸದ ಮಾತು. ಚಿತ್ರ ಮಾಡಿಸಿ ವಾಟ್ಸಾಪ್‌ನಲ್ಲಿ ಕಳಿಸ್ತೀರಿ ಅಂತ ಕಾಣುತ್ತೆ. ಚಿತ್ರದ ಕೆಳಗೆ ತಾರೀಖು, ಗಂಟೆ, ವಿಳಾಸವನ್ನು ಅಕ್ಷರದಲ್ಲೂ ಹಾಕಿ. ಅಜ್ಜ ಅಜ್ಜಿಯರಿಗೆ ಚಿತ್ರ ದೊಡ್ಡದು ಮಾಡಿ ಓದೋಕೆ ಬರಲ್ಲ. ಅಕ್ಷರವಾದರೆ ಫೋನಿನಲ್ಲೇ ದಪ್ಪ ಮಾಡಿಕೊಂಡಿರುತ್ತಾರೆ. ಅಂಗಡಿಯವರು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಹಾಕಬೇಡಿ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಬರುತ್ತೆ. ಯೂನಿಕೋಡ್‌ನಲ್ಲಿ ಕೊಡಿ ಅಂತ ಕೇಳಿ. ಇಲ್ಲಾಂದ್ರೆ ನೀವೇ ಫೋನಿನಲ್ಲಿ ಟೈಪ್ ಮಾಡಿ, ಹತ್ತು ಸಾಲು ತಾನೇ.

ತೆಂಗಿನಗರಿ

ಎಲ್ಲ ಸೇರಿಸಿ ಬರೆದೆ. ನಮ್ಮ ಕಡೆ "ಮಡಿಲು ತುಂಬೋದು" ಅಂತೀವಿ, ಅವರು "ಉಡಿ" ಅಂತಾರೆ. ಆ ಶಾಸ್ತ್ರ ಮಾಡೋದು ಅವರ ಕಡೆಯ ಮುತ್ತೈದೆಯರೇ ಆದ್ದರಿಂದ ಅವರ ಮಾತನ್ನೇ ಇಟ್ಟಿದ್ದೇನೆ. ನೋಡಿ ಹೇಳಿ.

> ನಮಸ್ಕಾರ.
>
> ತಿಪಟೂರಿನ ದಿ|| ಶ್ರೀ …… ಮತ್ತು ಶ್ರೀಮತಿ …… ಅವರ ಮಗಳು ಚಿ|| ……
> ಧಾರವಾಡದ ಶ್ರೀ …… ಮತ್ತು ಶ್ರೀಮತಿ …… ಅವರ ಮಗ ಚಿ|| ……
>
> ಇವರಿಬ್ಬರ ಮದುವೆ ಮಾತು ಹಿರಿಯರ ಒಪ್ಪಿಗೆಯಿಂದ ಕೂಡಿಬಂದಿದೆ. ಎರಡೂ ಮನೆಯ ಹತ್ತಿರದ ನೆಂಟರು ಸೇರಿ, ತಿಪಟೂರಿನ ಹುಡುಗಿಯ ಮನೆಯಲ್ಲೇ ಸರಳವಾಗಿ ನಿಶ್ಚಿತಾರ್ಥ ಇಟ್ಟುಕೊಂಡಿದ್ದೇವೆ. ನೀವು ಬೆಳಿಗ್ಗೆ ತಿಂಡಿಗೇ ಬಂದು, ನಮ್ಮ ಜೊತೆಗಿದ್ದು, ಇಬ್ಬರನ್ನೂ ಹರಸಿ, ಊಟ ಮಾಡಿಕೊಂಡು ಹೋಗಬೇಕು.
>
> 26 ಏಪ್ರಿಲ್ 2026, ಭಾನುವಾರ
> ತಿಂಡಿ: ಬೆಳಿಗ್ಗೆ 8.30ರಿಂದ
> ಶಾಸ್ತ್ರ: ಬೆಳಿಗ್ಗೆ 10ಕ್ಕೆ ಗಣಪತಿ ಪೂಜೆಯಿಂದ ಶುರು. ಲಗ್ನಪತ್ರಿಕೆ ಓದಿ ತಾಂಬೂಲ ಬದಲಾಯಿಸುವುದು, ಹುಡುಗಿಗೆ ಸೀರೆ ಕೊಡುವುದು, ಉಡಿ ತುಂಬಿ ಹೂ ಮುಡಿಸುವುದು, ಉಂಗುರ, ಆರತಿ.
> ಊಟ: ಮಧ್ಯಾಹ್ನ 12.30ರಿಂದ
>
> ಕರೆಯುವವರು
> ಶ್ರೀಮತಿ ……, ಅಜ್ಜಿ, ದೊಡ್ಡಪ್ಪ ದೊಡ್ಡಮ್ಮ, ಸೋದರಮಾವ ಅತ್ತೆ, ತಿಪಟೂರು
> ಶ್ರೀಮತಿ ಮತ್ತು ಶ್ರೀ ……, ಅಜ್ಜ, ಕಾಕಾ ಕಾಕು, ಮಾಮಾ, ಮಾವಶಿ, ಧಾರವಾಡ

ರಾಜಾಜಿನಗರದ ರಾಯರು

ಮೇಲೆ "ಶ್ರೀ ಗಣೇಶಾಯ ನಮಃ" ಆದರೂ ಹಾಕಿ. ತಿಥಿ ಒಂದಾದರೂ ಬರಲಿ.

ಹುಬ್ಬಳ್ಳಿ ಮಾವಶಿ

ನಿಮ್ಮ ಬೀಗರ ಮನಿತನಕ್ಕ ಯಾವ ದೇವರು ಅಂತ ಕೇಳಿ ಹಾಕು ತಂಗಿ. ಅವರು ಬಸವಣ್ಣನ್ನ ನೆನೆಯೋರು ಆಗಿರಬಹುದು.

ತೆಂಗಿನಗರಿ

ಅದು ಹೊಳೆದೇ ಇರಲಿಲ್ಲ ಮಾವಶಿ. ಅವರು "ಶ್ರೀ ಗುರು ಬಸವ ಲಿಂಗಾಯ ನಮಃ" ಹಾಕಿಸುವವರು. ಗಣಪತಿ ಪೂಜೆಗೇನೋ ಒಪ್ಪಿದ್ದಾರೆ. ಮೇಲೆ ಎರಡನ್ನೂ ಹಾಕಬೇಕಾ, ಯಾವುದನ್ನೂ ಹಾಕದೆ ಬಿಡಬೇಕಾ ಅಂತ ಅವರ ತಾಯಿಯನ್ನೇ ಕೇಳ್ತೀನಿ.

ಮಲೆನಾಡ ಮಳೆ

ಎರಡನ್ನೂ ಹಾಕಿ, ಅಕ್ಕಪಕ್ಕ. ಮೇಲೆ ಕೆಳಗೆ ಬೇಡ, ಯಾರು ಮೇಲೆ ಅಂತ ಮತ್ತೆ ಶುರುವಾಗುತ್ತೆ.

ಅಕ್ಷರಜೋಡಣೆ

ಧಾರವಾಡದಿಂದ ಅವರು ಬರೋದು ಹೇಗೆ? ಬೆಳಿಗ್ಗೆ ಹೊರಟರೆ 8.30ರ ತಿಂಡಿ ಆಗದ ಮಾತು. ದಾರಿಯೇ ಐದಾರು ಗಂಟೆ. ಅವರ ಪ್ರತಿಯಲ್ಲಿ ಶನಿವಾರ ರಾತ್ರಿ ಎಲ್ಲಿ ಉಳಿದುಕೊಳ್ಳೋದು ಅಂತ ಒಂದು ಸಾಲು ಬೇಕು. ರೈಲಿನಲ್ಲಿ ಬರುವವರಿಗೆ ಅರಸೀಕೆರೆಯಲ್ಲಿ ಇಳಿಯಿರಿ, ಅಲ್ಲಿಂದ ತಿಪಟೂರು ಸುಮಾರು 25 ಕಿ.ಮೀ., ಗಾಡಿ ಕಳಿಸ್ತೀವಿ ಅಂತ ಹೇಳಿ.

ತೆಂಗಿನಗರಿ

ಕಲ್ಪತರು ಕಾಲೇಜಿನ ಹತ್ತಿರ ಲಾಡ್ಜ್ ನೋಡಿದ್ದೇವೆ. ಅವರು ಟೆಂಪೋ ಮಾಡಿಕೊಂಡು ಶನಿವಾರ ಸಂಜೆಯೇ ಬರುತ್ತಾರಂತೆ. ಆ ಸಾಲು ಅವರ ಪ್ರತಿಗೆ ಮಾತ್ರ ಸೇರಿಸ್ತೀನಿ, ನಮ್ಮ ಕಡೆಯವರಿಗೆ ಬೇಡ. ಲಾಡ್ಜ್ ಅಂತ ನೋಡಿದರೆ ನಮ್ಮ ಬೆಂಗಳೂರಿನ ಚಿಕ್ಕಪ್ಪನೂ ರೂಮ್ ಕೇಳ್ತಾರೆ.

ದೊಡ್ಡಮ್ಮನಿಗೆ ಈಗಷ್ಟೇ ಓದಿ ಹೇಳಿದೆ. "ದೊಡ್ಡಪ್ಪ ದೊಡ್ಡಮ್ಮ" ಅಂತ ಬಂದಾಗ ಇನ್ನೊಂದು ಸಲ ಓದು ಅಂದರು. ಆಮೇಲೆ, "ಅಜ್ಜಿ ಹೆಸರು ಮೊದಲು ಬರಬೇಕಿತ್ತು, ನಿಮ್ಮಮ್ಮನದ್ದಲ್ಲ" ಅಂದರು. ಇದಕ್ಕೇನು ಮಾಡಲಿ?

ರಾಜಾಜಿನಗರದ ರಾಯರು

ಅದು ಸರಿಯೇ. ಮನೆಯಲ್ಲಿ ಹಿರಿಯರು ಇದ್ದಾಗ ಅವರೇ ಮೊದಲು.

ಮಲೆನಾಡ ಮಳೆ

ಅಜ್ಜಿಯನ್ನೇ ಕೇಳಿ.